ನಾಲ್ಕು ಮನೆಗೊಂದು ಹಸು

ಬಂಗಾರಪೇಟೆ ಬ್ಯಾಂಕಿನ ಆಫೀಸರ್ ಕಾಂತರಾಜ್ ಹಸು ನೋಡಲು ಬರುತ್ತಾರೆಂದು ಬೆಳಗ್ಗೆ ಏಳಕ್ಕೆ ಫೋನ್ ಬಂತು. ಏಳೂಕಾಲಿಗೆ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಅಮ್ಮಾಜಮ್ಮ ಮುನಿಲಕ್ಷ್ಮಿಯ ಕೊಟ್ಟಿಗೆಯಲ್ಲಿದ್ದಳು.

“ಮುನಿಲಕ್ಷ್ಮಿ, ನಿನ್ ಅಸು ಒಂದ್ ಗಂಟೆ ಕೊಡಮ್ಮ.”

“ಅಸು ಏನ್ ಮಿಕ್ಸಿನಾ ಅಕ್ಕ, ಇಸ್ಕೊಂಡ್ ಓಗೋಕೆ?”

ಕ್ಯಾಸಂಬಳ್ಳಿ ಹತ್ತಿರದ ಆ ಊರಿನ ಸಂಘಕ್ಕೆ ಬ್ಯಾಂಕು ಸಾಲ ಕೊಟ್ಟಿತ್ತು. ಅದರಲ್ಲಿ ನಾಲ್ವರು ಹಸು ಕೊಳ್ಳುತ್ತೇವೆಂದು ಬರೆದುಕೊಟ್ಟು ತಲಾ ಅರವತ್ತು ಸಾವಿರ ಪಡೆದಿದ್ದರು. ಕೊಂಡವಳು ಮುನಿಲಕ್ಷ್ಮಿ ಒಬ್ಬಳೇ. ಅಮ್ಮಾಜಮ್ಮನ ದುಡ್ಡು ಪ್ರತಿ ಮಂಗಳವಾರ ಬಾಗಿಲಲ್ಲಿ ಬಂದು ಕೂರುತ್ತಿದ್ದ ಫೈನಾನ್ಸಿನವರ ಹಳೇ ಸಾಲಕ್ಕೆ ಹೋಯಿತು. ನಾರಾಯಣಮ್ಮನದು ಗಂಡನ ಆಪರೇಷನ್ನಿಗೆ. ಅಂಬಿಕಳ ಹಸುವಿಗೆ ಎರಡು ಚಕ್ರವಿತ್ತು. ಗಂಡ ಸಾಯಿಕುಮಾರ್ ದಿನಾ ಅದನ್ನೇರಿ ರೈಲ್ವೆ ಸ್ಟೇಷನ್ನಿಗೆ ಹೋಗುತ್ತಿದ್ದ. ಕಂತು ಮಾತ್ರ ಮೂವರೂ ಕೂಲಿ ಮಾಡಿ ತಪ್ಪದೆ ಕಟ್ಟುತ್ತಿದ್ದರು. ಸಾಲ ಹೆಂಗಸರ ಹೆಸರಲ್ಲಿ, ಖರ್ಚು ಮನೆಯವರ ಕೈಯಲ್ಲಿ, ತೀರಿಸುವುದು ಮತ್ತೆ ಹೆಂಗಸರ ಬೆನ್ನ ಮೇಲೆ. ಭಾಷಣಗಳಲ್ಲಿ ಇದಕ್ಕೆ ಸಬಲೀಕರಣ ಎನ್ನುತ್ತಾರೆ.

“ಒಬ್ಬಳು ಸಿಕ್ಕಾಕ್ಕೊಂಡ್ರೆ ಎಲ್ರೂ ಸಿಕ್ಕಾಕ್ಕೊಂಡಂಗೆ. ಒಬ್ರಿಗೊಬ್ರು ಜವಾಬ್ದಾರಿ ಅಂತ ಸೈನ್ ಆಕಿಲ್ವಾ? ಸಂಘ ಮುಚ್ಚುದ್ರೆ ನಮ್ ಸಾಲಾನೂ ನೀನೇ ತೀರಿಸ್ಬೇಕಾಯ್ತದೆ,” ಎಂದಳು ಅಮ್ಮಾಜಮ್ಮ.

ಮುನಿಲಕ್ಷ್ಮಿಗೆ ಆ ಹಸುವೆಂದರೆ ಪ್ರಾಣ. ಡೇರಿಯ ದುಡ್ಡು ಅವಳದೇ ಖಾತೆಗೆ ಬರುತ್ತಿತ್ತು. ಹುಟ್ಟಿದಾಗಿನಿಂದ ಅವಳು ಯಾರನ್ನೂ ಕೇಳದೆ ಖರ್ಚು ಮಾಡಿದ ಮೊದಲ ದುಡ್ಡು ಅದು. ಆದರೂ ಗೆಳತಿಯರ ಮುಖ ನೋಡಿ ಹಗ್ಗ ಬಿಚ್ಚಿದಳು.

ಪಟ್ಟಿಯಲ್ಲಿ ಮೊದಲ ಹೆಸರು ಅಮ್ಮಾಜಮ್ಮನದು. ಕಾಂತರಾಜ್ ಹಸುವಿನ ಕಿವಿಯ ಹಳದಿ ಓಲೆಯಲ್ಲಿದ್ದ ನಂಬರನ್ನು ಫೋನಿಗೆ ಹತ್ತಿಸಿಕೊಂಡು, ಫೋಟೋ ಹೊಡೆದರು.

“ಎಷ್ಟು ಹಾಲಮ್ಮ?”

“ಹದಿನೈದು ಲೀಟ್ರು ಸಾರ್.”

“ದಿನಕ್ಕಾ?”

“ಒತ್ತಿಗೆ ಸಾರ್!”

ಗೋಡೆಯ ಹಿಂದೆ ನಿಂತಿದ್ದ ಮುನಿಲಕ್ಷ್ಮಿಗೆ ತಲೆ ತಿರುಗಿತು. ಅದು ಕೊಡುತ್ತಿದ್ದುದು ದಿನಕ್ಕೆ ಎಂಟು. ಆಫೀಸರ್ ಕಾಫಿ ಕುಡಿಯುವಷ್ಟರಲ್ಲಿ ಅವಳು ಹಸುವನ್ನು ಹಿತ್ತಲಿನಿಂದ ಅಂಬಿಕಳ ಮನೆಗೆ ಓಡಿಸಿದಳು.

ಅಲ್ಲಿ ಹಸುವಿನ ಕಿವಿಗೆ ಅರಿಶಿನದ ಬಟ್ಟೆ ಸುತ್ತಿತ್ತು. “ಕಿವಿ ಸೋರ್ತದೆ ಸಾರ್, ಮುಟ್ಟುದ್ರೆ ಒದೀತದೆ,” ಎಂದಳು ಅಂಬಿಕ. ಆಫೀಸರ್ ದೂರದಿಂದಲೇ ಫೋಟೋ ಹೊಡೆದರು. ನಾರಾಯಣಮ್ಮನ ಮನೆಯಲ್ಲಿ ಹಸುವಿನ ತಲೆಗೆ ಗೋಣಿಚೀಲ. “ದೃಷ್ಟಿ ಜಾಸ್ತಿ ಸಾರ್. ಒಸಬ್ರು ಮುಖ ನೋಡುದ್ರೆ ಹಾಲೇ ಬಿಡಲ್ಲ.” ಕಾಂತರಾಜ್ ಬಾಲದ ಫೋಟೋ ಹೊಡೆದು, “ಒಳ್ಳೇ ತಳಿ” ಎಂದು ತಲೆಯಾಡಿಸಿದರು.

ಕೊನೆಯ ಮನೆ ಮುನಿಲಕ್ಷ್ಮಿಯದು. ತನ್ನ ಮನೆ, ತನ್ನ ಹಸು, ಇನ್ನೇನು ಭಯ? ಚೀಲ ಕಿತ್ತೆಸೆದು, ಕಿವಿಯ ಬಟ್ಟೆ ಬಿಚ್ಚಿ, ಹಸುವಿನ ಮೈ ತೊಳೆದು, ಕುಂಕುಮವಿಟ್ಟು ನಿಲ್ಲಿಸಿದಳು. ಕಾಂತರಾಜ್ ಓಲೆಯ ನಂಬರ್ ನೋಡಿದರು. ಫೋನ್ ನೋಡಿದರು. ಮತ್ತೆ ಓಲೆ ನೋಡಿದರು.

“ಏನಮ್ಮಾ ಇದು! ಅಮ್ಮಾಜಮ್ಮನ ಹಸು ತಂದು ನನಗೇ ತೋರಿಸ್ತೀಯಾ? ನನ್ನನ್ನೇನು ಕುರುಡ ಅಂದ್ಕೊಂಡ್ಯಾ?”

ಮುನಿಲಕ್ಷ್ಮಿ ಒಳಗೋಡಿ, ಟ್ರಂಕಿನಿಂದ ಹಸು ಕೊಂಡ ರಶೀದಿ ಹುಡುಕಿ ತಂದಳು. ಹೊರಗೆ ಬಂದರೆ ಆಫೀಸರ್ ಬೆನ್ನ ಹಿಂದೆ ಮೂವರೂ ಕೈಮುಗಿದು ನಿಂತಿದ್ದರು. ನಾರಾಯಣಮ್ಮನ ಕಣ್ಣಲ್ಲಿ ನೀರು. ರಶೀದಿ ತೋರಿಸಿದರೆ ತಾನು ಉಳಿಯುತ್ತೇನೆ, ಅವರು ಮುಳುಗುತ್ತಾರೆ. ಅವರು ಮುಳುಗಿದರೆ ಅದೇ ಸೈನು ತನ್ನನ್ನೂ ಎಳೆಯುತ್ತದೆ. ರಶೀದಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ತಪ್ಪಾಯ್ತು ಸಾರ್. ನಾನ್ ಅಸು ತಕೊಂಡಿಲ್ಲ.”

“ಸಾಲ ದುರುಪಯೋಗ! ಹದಿನೈದು ದಿನದಲ್ಲಿ ಉಳಿದ ಅಷ್ಟೂ ಬಾಕಿ ಸಂಘಕ್ಕೆ ಕಟ್ಟಬೇಕು. ಇಲ್ಲದಿದ್ರೆ ಮುಂದಿನ ಸಾಲ ಯಾರಿಗೂ ಇಲ್ಲ,” ಎಂದು ಬರೆದುಕೊಂಡು, ಆಫೀಸರ್ ಅಮ್ಮಾಜಮ್ಮನತ್ತ ತಿರುಗಿ ನಕ್ಕರು. “ಹೊತ್ತಿಗೆ ಹದಿನೈದು ಲೀಟರ್! ನೋಡಿ ಕಲಿಬೇಕು. ಇವರಿಗೆ ಇನ್ನೊಂದು ಸಾಲ ಮಂಜೂರು ಮಾಡಿಸ್ತೀನಿ.”

ಸಂಜೆ ಸಂಘದ ಸಭೆ ಕೂಡಿತು. ಮುನಿಲಕ್ಷ್ಮಿಯ ಬಾಕಿ ನಲವತ್ತೆಂಟು ಸಾವಿರ. ಎಲ್ಲರೂ ಲೊಚಗುಟ್ಟಿದರು, ಎಲ್ಲರೂ ಅತ್ತರು, ಯಾರಲ್ಲೂ ದುಡ್ಡಿರಲಿಲ್ಲ. ಹಸು ಕೊಳ್ಳದ ತಪ್ಪಿಗೆ ದಂಡ ತೆರಲು ಮುನಿಲಕ್ಷ್ಮಿಗೆ ಉಳಿದದ್ದು ಒಂದೇ ದಾರಿ: ಹಸು ಮಾರುವುದು.

“ಒರಗಿನೋರಿಗ್ ಮಾರ್ಬೇಡ ಕಣಮ್ಮ, ನಂಗೇ ಕೊಡು,” ಎಂದಳು ಅಮ್ಮಾಜಮ್ಮ ಕಣ್ಣೊರೆಸಿಕೊಳ್ಳುತ್ತಾ. “ಎಂಗೂ ಬ್ಯಾಂಕ್ನಾಗೆ ಅದು ನಂದೇ ಆಗೈತೆ. ಒಸಾ ಸಾಲ ಬತ್ತಿದ್ದಂಗೆ ದುಡ್ ಕೊಟ್ಬಿಡ್ತೀನಿ. ನೀನೇ ಬಂದು ಮೈ ತೊಳ್ದು ಓಗು, ಬ್ಯಾಡ ಅನ್ನಲ್ಲ.”

ಎಲ್ಲರೂ ಅಮ್ಮಾಜಮ್ಮನ ದೊಡ್ಡ ಮನಸ್ಸನ್ನು ಹೊಗಳಿದರು. ಹೊಸ ಸಾಲದ ಠರಾವು ಪುಸ್ತಕದಲ್ಲಿ ಬರೆದಾಯಿತು. ಅಂಬಿಕ ಪೆನ್ನನ್ನು ಮುನಿಲಕ್ಷ್ಮಿಯ ಕೈಗಿಟ್ಟಳು.

“ಸೈನ್ ಆಕಕ್ಕ. ಅಮ್ಮಾಜಕ್ಕ ಕಟ್ಟದಿದ್ರೆ ನಾವೇ ಜವಾಬ್ದಾರಿ.”