ಅಪ್ಪನ ಆಪರೇಷನ್ನೂ ನನ್ನ ಟೈಪಿಂಗೂ
ಓದುಗರಿಗೆಲ್ಲ ಕೈಮುಗಿಯುತ್ತೇನೆ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡುವ ಹೊತ್ತಿಗೆ ನನ್ನ ಮಗಳು ಏಳನೇ ಕ್ಲಾಸಿನಲ್ಲಿದ್ದಳು. ಹಾಗಾಗಿ ತಪ್ಪು ಕಂಡರೆ ದೊಡ್ಡ ಮನಸ್ಸು ಮಾಡಿ. ಮೊಬೈಲಿನಲ್ಲಿ ನಾನು ಒಂದೇ ಬೆರಳಲ್ಲಿ ಬರೆಯುವುದು. ಅದೂ ಅಕ್ಷರಗಳು ಓಡಿಹೋಗುತ್ತವೇನೋ ಎಂಬಂತೆ ಒಂದೊಂದನ್ನೇ ಒತ್ತಿ ಹಿಡಿದು.

ನಲವತ್ತರ ದಶಕದಲ್ಲಿ ಹುಟ್ಟಿದ ನಮ್ಮಪ್ಪನಿಗೆ ಪ್ರಾಸ್ಟೇಟ್ ಆಪರೇಷನ್ ಆಗಬೇಕಿತ್ತು. ತಡ ಮಾಡಿದರೆ ಕಿಡ್ನಿಗೆ ತೊಂದರೆ ಎಂದು ಡಾಕ್ಟರು ಹೇಳಿ, ಶುಕ್ರವಾರದೊಳಗೆ ಅಡ್ವಾನ್ಸ್ ಕಟ್ಟಲು ತಿಳಿಸಿದ್ದರು. ಸರ್ಕಾರಿ ಕಾರ್ಡಿನಲ್ಲಿ ಸ್ವಲ್ಪ ಕಳೆಯುತ್ತಿತ್ತು. ಪರೀಕ್ಷೆ, ರೂಮು, ಹೊರಗಿನ ಔಷಧಿ ನಮ್ಮ ತಲೆಗೆ. ದೊಡ್ಡಬಳ್ಳಾಪುರದ ನನ್ನ ಪುಟ್ಟ ಅಂಗಡಿಯಿಂದ ಒಬ್ಬನೇ ಹೊರಲಾಗುತ್ತಿರಲಿಲ್ಲ. ದೇವನಹಳ್ಳಿಯಲ್ಲಿ ಟ್ಯಾಕ್ಸಿ ಓಡಿಸುವ ತಮ್ಮ ರವಿ, ಹೊಸಕೋಟೆಯಲ್ಲಿ ಟೀಚರಾಗಿರುವ ತಂಗಿ ಸುಮಾ ಇರುವ ಮನೆಯ ಗ್ರೂಪಿನಲ್ಲಿ ಕೇಳೋಣವೆಂದು ಕೂತೆ.

ದುಡ್ಡು ಕೇಳುವ ಮಾತು ಬರೆಯುವುದು ಎಷ್ಟು ಕಷ್ಟ! ಬರೆದೆ, ಅಳಿಸಿದೆ, 'ದಯವಿಟ್ಟು' ಸೇರಿಸಿದೆ, ತಮ್ಮನಿಗ್ಯಾಕೆ ದಯವಿಟ್ಟು ಎಂದು ತೆಗೆದೆ. ಅಷ್ಟರಲ್ಲಿ ರವಿಯ ಫೋನು.

"ಅಣ್ಣಾ, ಅಪ್ಪಂಗೇನಾಯ್ತು? ಅರ್ಧ ಗಂಟೆಯಿಂದ ಟೈಪಿಂಗ್ ಟೈಪಿಂಗ್ ಅಂತಲೇ ತೋರಿಸ್ತಾ ಐತೆ! ಗಾಡಿ ಸೈಡಿಗೆ ಹಾಕ್ಬಿಟ್ಟು ನೋಡ್ತಾ ಇದೀನಿ ಕಣಣ್ಣಾ!"

"ಏನಿಲ್ಲ ಕಣೋ, ಬರೀತಾ ಇದೀನಿ, ಇರು," ಎಂದು ಗಾಬರಿಯಲ್ಲಿ ಕಳಿಸಿಯೇಬಿಟ್ಟೆ. ಆಸ್ಪತ್ರೆಯವರು ಕೊಟ್ಟ ಅಂದಾಜಿನ ಫೋಟೋ, ಕಾರ್ಡಿನಲ್ಲಿ ಕಳೆಯುವುದೆಷ್ಟು, ಉಳಿದದ್ದರಲ್ಲಿ ನನಗರ್ಧ, ರವಿಗರ್ಧ. ಮದುವೆ ಮಾಡಿ ಕಳಿಸಿದ ಹೆಣ್ಣುಮಗಳನ್ನು ದುಡ್ಡು ಕೇಳಬಾರದೆಂಬ ನಮ್ಮ ಕಡೆಯ ಸಂಪ್ರದಾಯದಂತೆ ಸುಮಾಳ ಹೆಸರು ಬಿಟ್ಟಿದ್ದೆ.

ಎಲ್ಲರೂ ಆನ್‌ಲೈನಿನಲ್ಲೇ ಕಾದು ಕೂತಿದ್ದರು. ನೋಡಲಿಲ್ಲ ಎನ್ನುವಂತಿಲ್ಲ. ಮೊದಲು ಬಂದದ್ದು ಸುಮಾಳ ವಾಯ್ಸ್ ಮೆಸೇಜು:

"ಏನಣ್ಣಾ, ಜಮೀನಲ್ಲಿ ಪಾಲು ಬೇಡ ಅಂತ ಸೈನ್ ಹಾಕಿಸ್ಕೊಂಡ್ರಿ, ಹಾಕ್ದೆ. ಈಗ ಅಪ್ಪನಲ್ಲೂ ಪಾಲಿಲ್ವಾ ನಂಗೆ? ಅಡ್ವಾನ್ಸ್ ನಾನು ಕಟ್ತೀನಿ. ಬೇಡ ಅಂದ್ಯೋ, ಅಲ್ಲಿಗೇ ಬರ್ತೀನಿ!"

ರವಿ ಮೆಲ್ಲಗೆ ಬರೆದ: "ಗಾಡಿ ಕಂತು ಐತೆ, ಅರ್ಧ ಆಗಲ್ಲ. ಆದಷ್ಟು ಹಾಕ್ತೀನಿ. ಆಸ್ಪತ್ರೆಗೆ ಕರ್ಕೊಂಡು ಹೋಗೋದು, ರಾತ್ರಿ ಅಪ್ಪನ ಹತ್ರ ಮಲಗೋದು ನಂದು."

ಹಾಗೇ ಆಯಿತು. ಸಮಪಾಲಲ್ಲ, ಅವರವರ ಶಕ್ತಿಯಷ್ಟು. ಡಿಸ್ಚಾರ್ಜ್ ಬಿಲ್ಲು ನಾನು ಕಟ್ಟಿದೆ. ಒಂದೊಂದು ರಸೀದಿಯ ಫೋಟೋವೂ ಗ್ರೂಪಿಗೆ ಹೋಯಿತು. ಆಸ್ಪತ್ರೆಯ ಬಾಗಿಲಲ್ಲಿ ಅಪ್ಪ ವೀಲ್‌ಚೇರ್ ಬೇಡವೆಂದು ತಳ್ಳಿ, ಸುಮಾಳ ಭುಜ ಹಿಡಿದು ನಡೆದರು. "ಮೂರು ಜನಾನೂ ಸೇರಿಸೋಕೆ ನಾನು ಕೊಯ್ಸ್ಕೋಬೇಕಾಯ್ತಲ್ರೋ," ಎಂದು ನಕ್ಕರು. ಮದುವೆ ಮನೆಯಿಂದ ಹೊರಟಂತಿತ್ತು ನಮ್ಮ ಮೆರವಣಿಗೆ.

ಅಂದು ಸಂಜೆ ಇಬ್ಬರಿಗೂ ಥ್ಯಾಂಕ್ಸ್ ಬರೆಯೋಣವೆಂದು ಕೂತೆ. ನಾಲ್ಕನೇ ಅಕ್ಷರಕ್ಕೆ ಮೊಬೈಲು ಟಿಂಗ್ ಎಂದಿತು. ರವಿ ಮತ್ತೆ ದುಡ್ಡು ಹಾಕಿದ್ದ. ಹಿಂದೆಯೇ, "ಅಣ್ಣಾ, ಇಷ್ಟು ಸಾಕಾ? ಟೈಪ್ ಮಾಡ್ಬೇಡ ಕಣಣ್ಣಾ, ಎದೆ ಹೊಡ್ಕೊಳ್ತದೆ!" ಎಂದು ಬಂತು.

ಅದನ್ನು ಅಪ್ಪ ಅಮ್ಮನ ತಿಂಗಳ ಮಾತ್ರೆಗೆಂದು ತೆಗೆದಿಟ್ಟೆ. ನಾನು ಬರೆಯುತ್ತಿದ್ದದ್ದು ಥ್ಯಾಂಕ್ಸ್ ಎಂದು ಇನ್ನೂ ಅವನಿಗೆ ಹೇಳಿಲ್ಲ. ನಿಮ್ಮ ಮನೆಯ ಗ್ರೂಪಿನಲ್ಲೂ ಇಂಥದ್ದು ನಡೆದಿದ್ದರೆ ನನಗೂ ಬರೆದು ತಿಳಿಸಿ. ಉತ್ತರ ಖಂಡಿತ ಬರೆಯುತ್ತೇನೆ. ಟೈಪಿಂಗ್ ಅಂತ ಕಂಡರೆ ಮಾತ್ರ ಯಾರೂ ಗಾಬರಿಯಾಗಿ ದುಡ್ಡು ಹಾಕಬೇಡಿ.