ದೊಡ್ಡಪ್ಪನ ಪರದೆ

ಈ ವರ್ಷ ತುಳುವರ ಯುಗಾದಿಯಾದ ಬಿಸು ಹಬ್ಬದ ಮಧ್ಯಾಹ್ನ, ಕಾಪುವಿನ ಮನೆಯಲ್ಲಿ, ನನ್ನ ದೊಡ್ಡಪ್ಪ ಮಾತು ನಿಲ್ಲಿಸಿದರು. ಸಾಕ್ಷಿಗಳಿದ್ದಾರೆ. ಜೀವಮಾನವಿಡೀ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿ ನಿವೃತ್ತರಾದವರು ಪ್ರಶ್ನೆಯೊಂದಕ್ಕೆ ಉತ್ತರವಿಲ್ಲದೆ ಕುಳಿತದ್ದು ನಮ್ಮ ಕುಟುಂಬದಲ್ಲಿ ದಾಖಲಾದ ಮೊದಲ ಪ್ರಕರಣ!

ಮೊದಲು ಅವರ ಕಾಯಿಲೆಯನ್ನು ವಿವರಿಸಬೇಕು. ಅದರ ಹೆಸರು ಅಜ್ಞಾನದ ಪರದೆ, ಅಮೆರಿಕದ ತತ್ತ್ವಜ್ಞಾನಿಯೊಬ್ಬರ ಸಿದ್ಧಾಂತ. ನ್ಯಾಯವಾದ ನಿಯಮ ಬೇಕಿದ್ದರೆ, ನಿಯಮ ಮಾಡುವವರೆಲ್ಲ ಒಂದು ಪರದೆಯ ಹಿಂದೆ ಕುಳಿತಿದ್ದಾರೆಂದು ಕಲ್ಪಿಸಿಕೊಳ್ಳಬೇಕು. ಮನುಷ್ಯರಿಗೆ ಹಸಿವಾಗುತ್ತದೆ, ಮುಪ್ಪು ಬರುತ್ತದೆ ಎಂಬಂಥ ಲೋಕದ ಸಂಗತಿಗಳು ಅವರಿಗೆ ಗೊತ್ತು. ತಾನು ಗಂಡೋ ಹೆಣ್ಣೋ, ಬಡವನೋ ಸಾಹುಕಾರನೋ, ಜಾಣನೋ ದಡ್ಡನೋ, ಯಾವ ದೇವರಿಗೆ ಕೈಮುಗಿಯುವವನೋ, ಅದು ಮಾತ್ರ ಗೊತ್ತಿಲ್ಲ. ತಾನು ಯಾರೆಂದೇ ತಿಳಿಯದವನು ತನ್ನ ಅನುಕೂಲಕ್ಕೆ ನಿಯಮ ಮಾಡುವುದು ಹೇಗೆ?

ಇದನ್ನು ಅವರು ಕಾರ್ಕಳದ ಬಸ್ಸಿನ ಕಂಡಕ್ಟರನಿಗೂ ವಿವರಿಸಿದ್ದಾರೆ. "ನೀನು ಕಂಡಕ್ಟರೋ, ನಿಂತ ಪ್ರಯಾಣಿಕನೋ ಗೊತ್ತಿಲ್ಲ ಅಂತ ಇಟ್ಟುಕೋ. ಆಗ ಸೀಟುಗಳನ್ನು ಹೇಗೆ ಹಂಚುತ್ತೀ?"

ಅವನು ಕೇಳಿದ್ದು ಒಂದೇ. "ನೀವು ಇಳಿಯುವುದು ಎಲ್ಲಿ ಅಂತ ಗೊತ್ತುಂಟಾ ಸರ್? ಅದೂ ಗೊತ್ತಿಲ್ಲದಿದ್ದರೆ ಟಿಕೆಟ್ ಕೊಡುವುದು ಹೇಗೆ?"

ನಮ್ಮ ಮನೆಯ ಅಂಜಲ್ ಮೀನಿಗೂ ಪರದೆ ಬಿತ್ತು. ತುಂಡು ಮಾಡಿದವರು ಕೊನೆಯಲ್ಲಿ ತೆಗೆದುಕೊಳ್ಳಬೇಕು, ಆಗ ತುಂಡುಗಳು ತಾವಾಗಿಯೇ ಸಮನಾಗುತ್ತವೆ ಎಂದು ದೊಡ್ಡಪ್ಪ ಘೋಷಿಸಿದರು. ಅಮ್ಮ ಕತ್ತಿ ಕೆಳಗಿಟ್ಟರು. "ಕೊನೆಗೆ ಬಾಲ ತಿನ್ನುವವಳು ನಾನೇ ಅಂತ ಪರದೆ ಇಲ್ಲದೆಯೂ ಗೊತ್ತುಂಟು ಭಾವ. ಇವತ್ತು ನೀವೇ ತುಂಡು ಮಾಡಿ." ಅಂದು ಮೀನು ಬೇಯುವಾಗ ಮೂರು ಗಂಟೆ!

ಬಿಸುವಿನ ದಿನ ಮಾತ್ರ ವಿಷಯ ತಮಾಷೆಯದ್ದಾಗಿರಲಿಲ್ಲ. ದೊಡ್ಡಪ್ಪ, ಅಪ್ಪ, ಅತ್ತೆ, ಇವರೆಲ್ಲರ ಕಿರಿಯ ತಮ್ಮ ನನ್ನ ಚಿಕ್ಕಪ್ಪ. ವಯಸ್ಸು ಐವತ್ತು ದಾಟಿದೆ, ಬುದ್ಧಿ ನಾಲ್ಕರ ಮಗುವಿನದು. ಅಜ್ಜಿ ಹೋದ ಮೇಲೆ ಅವರನ್ನು ಕಾಪುವಿನಲ್ಲಿ ನೋಡಿಕೊಂಡವರು ಅತ್ತೆ. ಅವರು ಮದುವೆಯಾಗಲಿಲ್ಲ. ಈಗ ಅತ್ತೆಯ ಮಂಡಿಗೆ ಆಪರೇಷನ್ ಆಗಲೇಬೇಕು ಎಂದಿದ್ದರು ಡಾಕ್ಟರು. ಚಿಕ್ಕಪ್ಪ ಇನ್ನು ಎಲ್ಲಿರಬೇಕು?

"ಕಾಪುವಿನಲ್ಲೇ ಇರಲಿ, ತಂಗಿ ಹೇಗೂ ನೋಡುತ್ತಾಳೆ" ಎಂದರು ಕಾರ್ಕಳದಲ್ಲಿ ಹಾರ್ಡ್‌ವೇರ್ ಅಂಗಡಿಯಿರುವ ಅಪ್ಪ. "ನಿನ್ನ ಪರದೆಯ ಲೆಕ್ಕದಲ್ಲೂ ಸರಿ ಅಲ್ವಾ? ನಾನು ತಂಗಿಯಾಗುವ ಸಂಭವ ಮೂರರಲ್ಲಿ ಒಂದು. ಉಳಿದ ಎರಡರಲ್ಲಿ ಆರಾಮ!"

"ಅಲ್ಲಿ ಸಂಭವದ ಲೆಕ್ಕ ಸಿಗುವುದಿಲ್ಲ ಮಾರಾಯ," ದೊಡ್ಡಪ್ಪ ಎದ್ದು ನಿಂತರು. "ಆಡುವುದು ಇಡೀ ಬದುಕನ್ನು ಒತ್ತೆಯಿಟ್ಟು. ಸೋತರೆ ಇನ್ನೊಂದು ಆಟ ಇಲ್ಲ. ಅದಕ್ಕೇ ಒಂದೊಂದು ನಿಯಮದಲ್ಲೂ ಎಲ್ಲರಿಗಿಂತ ಕೆಳಗೆ ಬಿದ್ದವನನ್ನು ನೋಡಬೇಕು. ಯಾವ ನಿಯಮದಲ್ಲಿ ಅವನ ಪಾಡು ಕಡಿಮೆ ಕೆಟ್ಟದೋ ಅದನ್ನು ಆರಿಸಬೇಕು. ನಿನ್ನ ನಿಯಮದಲ್ಲಿ ಕೆಳಗೆ ಬಿದ್ದವಳು ಇವಳು."

ಅವರ ತೀರ್ಪು: ನಾಲ್ಕು ತಿಂಗಳು ಕಾಪು, ನಾಲ್ಕು ಕಾರ್ಕಳ, ನಾಲ್ಕು ಮಣಿಪಾಲದಲ್ಲಿರುವ ತಮ್ಮದೇ ಫ್ಲಾಟು. ಅಪ್ಪ ಗೊಣಗುತ್ತ ಒಪ್ಪಿದರು.

ಅತ್ತೆ ಪಾಯಸದ ಸೌಟು ಹಿಡಿದೇ ಕೇಳಿದರು. "ಚಂದ ಉಂಟು. ಇವನು ಎಲ್ಲಿ ಕುಳಿತ ಅಣ್ಣ?"

"ಯಾರು?"

"ನಿನ್ನ ಪರದೆಯ ಹಿಂದೆ ನಾವು ಮೂರೇ ಜನ ಅಲ್ವಾ? ನಮ್ಮ ತಮ್ಮನಿಗೆ ಕುರ್ಚಿ ಇಲ್ವಾ?"

"ಅದು... ಸಿದ್ಧಾಂತದಲ್ಲಿ ಎಲ್ಲರೂ ಜೀವನವಿಡೀ ದುಡಿದು ಸಹಕರಿಸಬಲ್ಲವರು ಅಂತ ಹಿಡಿದಿದ್ದಾರೆ. ಇಂಥವರ ಪ್ರಶ್ನೆಯನ್ನು ನಂತರಕ್ಕೆ ಇಟ್ಟಿದ್ದಾರೆ."

"ನಂತರ ಅಂದರೆ ಯಾವಾಗ?"

ದೊಡ್ಡಪ್ಪ ಮಾತು ನಿಲ್ಲಿಸಿದ್ದು ಆಗ. ಚಿಕ್ಕಪ್ಪ ಜಗಲಿಯಲ್ಲಿ ಹೆದ್ದಾರಿಯ ಬಸ್ಸುಗಳಿಗೆ ಕೈಬೀಸುತ್ತಿದ್ದರು. ದಿನವೂ ಅದೇ ಜಾಗ, ಒರಗಲು ಜಗಲಿಯ ಅದೇ ಕಂಬ. ಒಮ್ಮೆ ಕಾರ್ಕಳದಲ್ಲಿ ಮಲಗಿಸಿದಾಗ ಬೆಳಗಿನವರೆಗೆ ಅತ್ತಿದ್ದರು.

ಕೊನೆಗೆ ದೊಡ್ಡಪ್ಪ ಅಂದರು, "ಕುರ್ಚಿ ಹಾಕುವ. ನಾವು ಅವನೂ ಆಗಿರಬಹುದು. ಹಾಗಾದರೆ ವರ್ಷಕ್ಕೆ ಮೂರು ಸಲ ಮನೆ ಕಳೆದುಕೊಳ್ಳುವ ನಿಯಮವನ್ನು ನಾನಂತೂ ಒಪ್ಪುವುದಿಲ್ಲ. ಅವನು ಇಲ್ಲೇ ಇರಬೇಕು. ತಿರುಗಬೇಕಾದವರು ನಾವು."

"ಎಲ್ಲ ಕಲ್ಪನೆಯಲ್ಲಿ ಒಪ್ಪಿದ್ದು," ಎಂದರು ಅಪ್ಪ. "ನಾವು ಯಾರಾದರೂ ಸಹಿ ಹಾಕಿದ್ದುಂಟಾ?"

"ಇಲ್ಲ. ಕಲ್ಪನೆಯ ಒಪ್ಪಂದ ಯಾರನ್ನೂ ಕಟ್ಟಿಹಾಕುವುದಿಲ್ಲ. ಯಾವುದು ನ್ಯಾಯ ಅಂತ ತೋರಿಸುತ್ತದೆ, ಅಷ್ಟೆ." ದೊಡ್ಡಪ್ಪ ಕನ್ನಡಕ ಒರೆಸಿದರು. "ನನಗೆ ಹೆಂಡತಿ ಮಕ್ಕಳಿಲ್ಲ. ಪುಸ್ತಕಗಳು ಎಲ್ಲಿದ್ದರೂ ಇರುತ್ತವೆ. ನಾನು ಬರುತ್ತೇನೆ."

ಮಣಿಪಾಲದ ಫ್ಲಾಟಿನಲ್ಲಿ ಈಗ ಬಾಡಿಗೆಯವರಿದ್ದಾರೆ. ಅಪ್ಪ ಶನಿವಾರ ಬೇಗ ಅಂಗಡಿ ಮುಚ್ಚಿ ಕಾಪುವಿಗೆ ಹೋಗುತ್ತಾರೆ. ಅತ್ತೆಯ ಆಪರೇಷನ್ ಉಡುಪಿಯಲ್ಲಿ ಆಯಿತು. ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ನಾನು ಕಾಪುವಿಗೆ ಹೋದಾಗ ಅತ್ತೆ ಇನ್ನೂ ನಿದ್ದೆಯಲ್ಲಿದ್ದರು. ಅಡುಗೆಮನೆಯಲ್ಲಿ ದೊಡ್ಡಪ್ಪ ನೀರುದೋಸೆ ಹೊಯ್ಯುತ್ತಿದ್ದರು. ಚಿಕ್ಕಪ್ಪ ಅವರ ಅಂಗಿಯ ಚುಂಗು ಹಿಡಿದು ನಿಂತಿದ್ದರು.