ಅಪ್ಪನ ಮೊದಲ ಸಿನಿಮಾ ಮತ್ತು ಇತರರು

ಅಪ್ಪ ತೀರಿಕೊಂಡ ಮಂಗಳವಾರ ನಾನು ಸಹಕಾರನಗರದ ನಮ್ಮ ಮನೆಯಲ್ಲಿ ಎಂಟನೇ ತರಗತಿಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಅವರು ಕಾಫಿ ಕೇಳಿದರು, ತಂದುಕೊಡುವಷ್ಟರಲ್ಲಿ ಇರಲಿಲ್ಲ. ಜೀವನವಿಡೀ ಸಿನಿಮಾಗಳಲ್ಲಿ ಪೋಸ್ಟ್‌ಮನ್, ಪೇದೆ, ಪುರೋಹಿತ ಆಗಿದ್ದವರು. ಅಂದಿನಿಂದ ನನಗೆ ಸಿಟ್ಟು ಬರಿಸುವ ಸಂಗತಿಗಳು ನಡೆಯುತ್ತಲೇ ಇವೆ. ಕೇಳಿದವರು ಮಾತ್ರ ನಗುತ್ತಾರೆ.

೧. ಮೀಸೆಯ ವಿದ್ಯಾರ್ಥಿ

ಸಂಜೆ ಟಿವಿಯವರ ಫೋನು. ಮೊದಲ ಸಿನಿಮಾ ಯಾವುದು ಎಂದರು. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದೆ. "ಮೇಡಂ, ಯಾವ್ದೋ ಒಂದ್ ಹೇಳಿಬಿಡಿ, ಈಗ್ಲೇ ಹಾಕ್ಬೇಕು" ಎಂದರು. ನಾನು ಹೇಳಲಿಲ್ಲ. ಅವರೇ ಒಂದು ಹಾಕಿದರು. ಅದರಲ್ಲಿ ಅಪ್ಪನದು ಇನ್‌ಸ್ಪೆಕ್ಟರ್ ಪಾತ್ರವಂತೆ. ಆ ಸಿನಿಮಾ ಬಂದಾಗ ಅಪ್ಪ ಯಲಹಂಕದಲ್ಲಿ ಎರಡನೇ ಕ್ಲಾಸಿನಲ್ಲಿದ್ದರು. ಇನ್‌ಸ್ಪೆಕ್ಟರಿಗೆ ದಪ್ಪ ಮೀಸೆ ಇದೆ.

೨. ಸಾಕ್ಷಿಗಳು

ಕಲಾವಿದರ ಸಂಘವೊಂದು ಅಪ್ಪನ ಸ್ಮರಣ ಸಂಚಿಕೆ ತರುವುದಾಗಿ ಹೇಳಿತು. ಅದರಲ್ಲೂ ಅದೇ ಇನ್‌ಸ್ಪೆಕ್ಟರ್. ಅಚ್ಚಾದರೆ ಮುಂದಿನವರೆಲ್ಲ ಅದನ್ನೇ ನಕಲು ಮಾಡುತ್ತಾರೆ. ಅಪ್ಪ ದುಡಿದ ಸಿನಿಮಾ ಹೋಗಿ, ದುಡಿಯದ್ದು ಉಳಿಯುತ್ತದೆ. ಇದು ತಪ್ಪು ಎಂದೆ. ಇಂಟರ್ನೆಟ್‌ನಲ್ಲಿದೆಯಲ್ಲ ಎಂದರು ಸಂಘದ ಕಾರ್ಯದರ್ಶಿ. ಆ ಪುಟ ತೆರೆದೆ. ಆಧಾರ: ಒಂದು ಪತ್ರಿಕೆ. ಪತ್ರಿಕೆಗೆ ಫೋನು ಮಾಡಿದೆ. ಆಧಾರ: ಆ ಪುಟ. ಕೋರ್ಟಿನಲ್ಲಾಗಿದ್ದರೆ ಇಬ್ಬರನ್ನೂ ಒಳಗೆ ಹಾಕುತ್ತಿದ್ದರು.

೩. ಯಾವ ಬ್ಲಾಕು?

ಅಪ್ಪ ನಟಿಸುತ್ತಿದ್ದ ಸ್ಟುಡಿಯೋ ಇದ್ದ ಜಾಗಕ್ಕೆ ಹೋದೆ. ಅಪಾರ್ಟ್‌ಮೆಂಟಾಗಿದೆ. ಸ್ಟುಡಿಯೋ ಮುಚ್ಚಿದಾಗ ಲೆಕ್ಕದ ಪುಸ್ತಕಗಳು ರದ್ದಿಗೆ ಹೋದವು, ಹಳೇ ಫಿಲ್ಮನ್ನು ಅದರಲ್ಲಿನ ಬೆಳ್ಳಿ ತೆಗೆಯಲು ಮಾರಿದರು. ಅಪ್ಪನ ಶೂಟಿಂಗ್ ದಾಖಲೆ ಹುಡುಕಿ ಬಂದಿದ್ದೇನೆ ಎಂದು ಸೆಕ್ಯೂರಿಟಿಯವರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, "ಅವ್ರು ಎ ಬ್ಲಾಕಾ, ಬಿ ಬ್ಲಾಕಾ?" ಎಂದರು.

೪. ಅಪ್ಪನ ಹೆಸರು

ಟೈಟಲ್ ಕಾರ್ಡು, ಹಾಡಿನ ಪುಸ್ತಕ, ಪತ್ರಿಕೆ ಜಾಹೀರಾತು, ಮೂರರಲ್ಲಿ ಒಂದನ್ನು ಪುರಾವೆಗೆ ತನ್ನಿ ಎಂದರು ಕಾರ್ಯದರ್ಶಿ. ಹಳೇ ಸಿನಿಮಾಗಳ ಉಳಿದಿರುವ ಪ್ರತಿಗಳನ್ನು ಒಂದೊಂದಾಗಿ ನೋಡಿದೆ. ಅಪ್ಪನ ಹೆಸರು ಮೊದಲು ಕಾಣುವ ಸಿನಿಮಾ ಅವರ ಮೊದಲನೆಯದಲ್ಲ. ಅದಕ್ಕೂ ಮುಂಚಿನ ಎರಡರಲ್ಲಿ ಅವರ ಮುಖವಿದೆ, ಹೆಸರಿಲ್ಲ. ಆ ಎರಡರಲ್ಲಿ ಮೊದಲು ತೆಗೆದದ್ದು ಆಮೇಲೆ ಬಿಡುಗಡೆಯಾಗಿದೆ. ಹಾಗಾಗಿ ಮೊದಲು ನಟಿಸಿದ್ದು, ಮೊದಲು ತೆರೆಗೆ ಬಂದದ್ದು, ಮೊದಲು ಹೆಸರು ಬಂದದ್ದು ಎಂದು ಮೂರು ಸಾಲು ಬೇರೆ ಬೇರೆ ಬರೆಯಿರಿ ಎಂದೆ. "ಒಬ್ಬ ಮನುಷ್ಯಂಗೆ ಮೂರ್ ಮೊದಲ ಸಿನಿಮಾನಾ ಟೀಚರ್?" ಎಂದು ನಕ್ಕರು. ಅಲ್ಲಿಯವರೆಗೆ ಟೈಟಲ್ ಕಾರ್ಡಿನಲ್ಲಿ ಅಪ್ಪನ ಹೆಸರು ಏನಿತ್ತು ಗೊತ್ತೇ? "ಮತ್ತು ಇತರರು".

೫. ಯಶವಂತಪುರ

ಆ ಎರಡಕ್ಕಿಂತಲೂ ಹಿಂದೆ ಇನ್ನೇನಾದರೂ ಇರಬಹುದೇ ಎಂದು, ಅಮ್ಮನನ್ನು ಕರೆದುಕೊಂಡು ಯಶವಂತಪುರಕ್ಕೆ ಹೋದೆ. ಆಗಿನ ಶೂಟಿಂಗ್‌ಗಳಲ್ಲಿ ಸ್ಥಿರಚಿತ್ರ ತೆಗೆಯುತ್ತಿದ್ದವರೊಬ್ಬರ ಮಗಳು ಅಲ್ಲಿದ್ದಾರೆ. ತಂದೆಯ ನೆಗೆಟಿವ್‌ಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ಇಟ್ಟುಕೊಂಡಿದ್ದರು. ಒಂದನ್ನು ಬೆಳಕಿಗೆ ಹಿಡಿದ ಅಮ್ಮ ಅದನ್ನು ನನ್ನ ಕೈಗಿಟ್ಟರು.

ಚಟ್ಟದ ಮೇಲೆ ಅಪ್ಪ. ಮೂಗಿಗೆ ಹತ್ತಿ, ಕೊರಳಿಗೆ ಹಾರ, ಬಾಯಿತುಂಬ ನಗು.

ಹೆಣದ ದೃಶ್ಯ ಮುಗಿದ ಮೇಲೆ ಅಪಶಕುನ ಕಳೆಯಲು ಆ ನಟನನ್ನು ಎಬ್ಬಿಸಿ ನಗಿಸಿ ಒಂದು ಫೋಟೋ ತೆಗೆಯುತ್ತಿದ್ದರು ಎಂದು ಆಕೆ ಹೇಳಿದರು.

"ನಂಗೇ ಹೇಳಿಲ್ಲ ಕಣೇ ಈ ಮನುಷ್ಯ" ಎಂದರು ಅಮ್ಮ. "ಅವ್ರಮ್ಮಂಗೆ ಗೊತ್ತಾಗಿದ್ರೆ ನಿಜವಾಗ್ಲೂ ಚಟ್ಟ ಕಟ್ಟಿರೋರು." ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಫೋಟೋದ ಅಂಚಿನಲ್ಲಿ ಕ್ಲ್ಯಾಪ್ ಹಲಗೆ. ಅದರ ಮೇಲಿದ್ದ ಹೆಸರಿನ ಸಿನಿಮಾ ಎಲ್ಲೂ ಬಿಡುಗಡೆಯಾಗಿಲ್ಲ. ಆದರೆ ಅದೇ ರೋಲಿನಲ್ಲಿ ನಾಯಕ-ನಾಯಕಿಯ ಫೋಟೋಗಳೂ ಇದ್ದವು. ಅದೇ ಜೋಡಿ, ಅದೇ ಉಡುಪು, ಒಂದು ಹಾಡಿನ ಪುಸ್ತಕದ ರಕ್ಷಾಪುಟದಲ್ಲಿ ಸಿಕ್ಕಿತು. ನಡುವೆ ಸಿನಿಮಾದ ಹೆಸರು ಬದಲಾಗಿದೆ, ಅಷ್ಟೆ. ಗ್ರಂಥಾಲಯದ ಹಳೇ ಪತ್ರಿಕೆಯಲ್ಲಿ ಅದರ ಬಿಡುಗಡೆಯ ಜಾಹೀರಾತಿತ್ತು. ಅಪ್ಪನ ಉಳಿದೆಲ್ಲ ಸಿನಿಮಾಗಳಿಗಿಂತ ಹಿಂದಿನದು.

ಎಲ್ಲವನ್ನೂ ಕಾರ್ಯದರ್ಶಿಯ ಮೇಜಿನ ಮೇಲೆ ಇಟ್ಟೆ.

"ಹೆಣ ಅಂದ್ರೆ ಪಾತ್ರ ಅಂತ ಹೆಂಗ್ ಬರ್ಕೊಳೋದು ಟೀಚರ್? ಆ್ಯಕ್ಟಿಂಗೇ ಇಲ್ವಲ್ಲ, ಸುಮ್ನೆ ಮಲಗಿದ್ರೆ ಆಯ್ತು."

ನಾನು ತರಗತಿಯಲ್ಲೂ ದನಿ ಏರಿಸುವವಳಲ್ಲ. ಅಲ್ಲೂ ಏರಿಸಲಿಲ್ಲ. "ಇದನ್ನು ಬರೆಯೋವರೆಗೂ ನಾನು ಇಲ್ಲೇ ಕೂತಿರ್ತೀನಿ" ಎಂದೆ. ಕೂತೆ. ಊಟದ ಹೊತ್ತು ಮೀರಿದ ಮೇಲೆ ಅವರು ಪೆನ್ನು ತೆಗೆದು ಬರೆದರು: ಮೊದಲ ಪಾತ್ರ, ಶವ.

ಸುಮ್ಮನೆ ಮಲಗುವ ಆ ದೃಶ್ಯಕ್ಕೆ ಫೋಟೋದ ಕ್ಲ್ಯಾಪ್ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ "ಟೇಕ್ ಏಳು" ಎಂದಿದೆ.